ಜಾತ್ರೆಯ ಗದ್ದಲದಿಂದ ಆಯಿಯ ಫೋಟೋ ಬಿಡಿಸುವುದು

ಪ್ರಶ್ನೆ: ಸರ್, ನಮ್ಮ ಆಯಿಗೆ ಅರವತ್ತು ತುಂಬುತ್ತಿದೆ. ಆಮಂತ್ರಣ ಪತ್ರಿಕೆಗೆ ಅವಳು ನಮ್ಮ ಮನೆ ತುಳಸಿಕಟ್ಟೆ ಹತ್ತಿರ ಕೂತ ಹಾಗೆ ಒಂದು ಜಲವರ್ಣದ ಚಿತ್ರವನ್ನು ಎಐನಲ್ಲಿ ಮಾಡುತ್ತಿದ್ದೇನೆ. ನೋಡ್ ಎಂಬ ಡಬ್ಬಿಗಳನ್ನು ತಂತಿಯಿಂದ ಜೋಡಿಸಿ ಚಿತ್ರ ಮಾಡಿಸುವ ಕಾಂಫಿಯುಐ ತಂತ್ರಾಂಶದಲ್ಲಿ, ಕೊಟ್ಟ ಫೋಟೋದ ಹೋಲಿಕೆಯನ್ನು ಹೊಸ ಚಿತ್ರಕ್ಕೆ ತರುವ ಐಪಿ-ಅಡಾಪ್ಟರ್ ಹಾಕಿಕೊಂಡಿದ್ದೇನೆ. ಆಯಿ ಮನಸಾರೆ ನಕ್ಕ ಫೋಟೋ ಇರುವುದು ಒಂದೇ, ಅದೂ ಶಿರಸಿ ಜಾತ್ರೆಯಲ್ಲಿ ಬಳೆ ಅಂಗಡಿ ಮುಂದೆ ತೆಗೆದದ್ದು. ಬರುವ ಚಿತ್ರದಲ್ಲಿ ತುಳಸಿಕಟ್ಟೆಗೆ ಬಳೆ ನೇತಾಡುತ್ತವೆ, ಹಿಂದೆ ಯಾರದೋ ಮುಖ ಬರುತ್ತದೆ, ಎಲ್ಲವೂ ಕಿತ್ತಳೆ ಬಣ್ಣ. ಹಿನ್ನೆಲೆ ತೆಗೆಯುವ ಒಂದು ವೆಬ್‌ಸೈಟಿನಲ್ಲಿ ಹಿನ್ನೆಲೆ ತೆಗೆಸಿ ಹಾಕಿದೆ. ಆದರೂ ಬಳೆ ಹೋಗಲಿಲ್ಲ. ಮೇಲಿಂದ ಮುಡಿದ ಹೂವು ಅರ್ಧ ಮಾಯವಾಯಿತು. ಎರಡೂ ಫೈಲ್ ಕಳಿಸಿದ್ದೇನೆ, ನೋಡಿ ಹೇಳಿ.
— ಓದುಗರು, ಅಂಕೋಲಾ

ಉತ್ತರ:

ಬಳೆ ಯಾಕೆ ಹೋಗಲಿಲ್ಲ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಕಾರಣ ತುಂಬ ಸಣ್ಣದು.

ಹಿನ್ನೆಲೆ ತೆಗೆದ ಮೇಲೆ ನಿಮಗೆ ಸಿಕ್ಕಿದ್ದು ಪಾರದರ್ಶಕ ಪಿಎನ್‌ಜಿ. ಅಂಥ ಫೈಲಿನಲ್ಲಿ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಅಂತ ಮೂರು ಬಣ್ಣದ ಅಂಕೆಗಳಿರುತ್ತವೆ. ಜೊತೆಗೆ ‘ಇದು ಎಷ್ಟು ಕಾಣಬೇಕು’ ಎಂದು ಹೇಳುವ ನಾಲ್ಕನೆಯದು ಒಂದಿರುತ್ತದೆ. ಅದಕ್ಕೆ ಆಲ್ಫಾ ಅನ್ನುತ್ತಾರೆ. ನಿಮ್ಮ ಫೈಲಿನಲ್ಲಿ ಬಳೆ ಅಂಗಡಿಯ ಆಲ್ಫಾ ಸೊನ್ನೆಯಾಗಿದೆ, ಸರಿ. ಆದರೆ ಬಣ್ಣದ ಅಂಕೆಗಳು ಅಡಿಯಲ್ಲಿ ಹಾಗೇ ಕೂತಿವೆ. ಕಾಂಫಿಯುಐನ `Load Image` ನೋಡ್ ಆಲ್ಫಾವನ್ನು ಬೇರೆ ಮಾಡಿ `MASK` ಎಂಬ ಇನ್ನೊಂದು ತಂತಿಗೆ ಕೊಡುತ್ತದೆ. `IMAGE` ತಂತಿಯಲ್ಲಿ ಹೋಗುವುದು ಮೂರು ಬಣ್ಣ ಮಾತ್ರ. ಅಂದರೆ ಮುಚ್ಚಳ ತೆಗೆದು ಒಳಗಿದ್ದದ್ದನ್ನೆಲ್ಲ ಕೊಟ್ಟ ಹಾಗೆ. ಜಾತ್ರೆ ಇಡಿಯಾಗಿ ಐಪಿ-ಅಡಾಪ್ಟರ್‌ಗೆ ಹೋಗಿದೆ.

ಅನುಮಾನ ಇದ್ದರೆ ನೀವೇ ನೋಡಿಕೊಳ್ಳಿ. `Load Image` ನೋಡ್‌ನ `IMAGE` ತಂತಿಯನ್ನು ಒಂದು `Preview Image` ನೋಡ್‌ಗೆ ಎಳೆದು ಓಡಿಸಿ. `Load Image` ಒಳಗೆ ಕಾಣುವ ಸಣ್ಣ ಚಿತ್ರ ನಂಬಬೇಡಿ, ಅದು ಪಾರದರ್ಶಕವಾಗಿಯೇ ತೋರಿಸುತ್ತದೆ. `Preview Image`ನಲ್ಲಿ ಬಂದದ್ದೇ ಮುಂದಕ್ಕೆ ಹೋಗುವ ಚಿತ್ರ. ಎಲ್ಲ ವೆಬ್‌ಸೈಟ್‌ಗಳೂ ಹೀಗೆ ಬಣ್ಣ ಉಳಿಸುವುದಿಲ್ಲ. ಕೆಲವು ಅಡಿಯಲ್ಲಿ ಕಪ್ಪು ತುಂಬಿಸುತ್ತವೆ, ಆಗ ಹಿನ್ನೆಲೆ ಕಡುಗಪ್ಪಾಗಿ ಹೋಗುತ್ತದೆ. ಫೋಟೋ ತಿದ್ದುವ ತಂತ್ರಾಂಶ ಗಿಂಪ್‌ನಿಂದ ಪಿಎನ್‌ಜಿ ಹೊರತೆಗೆಯುವಾಗಲೂ ಪಾರದರ್ಶಕ ಪಿಕ್ಸೆಲ್‌ಗಳ ಬಣ್ಣ ಉಳಿಸಬೇಕೇ ಎಂದು ಕೇಳುವ ಆಯ್ಕೆ ಇದೆ. ಅದಕ್ಕೆ ಟಿಕ್ ಇದ್ದರೆ ಇದೇ ಕಥೆ. ಹಾಗಾಗಿ ಪಾರದರ್ಶಕ ಫೈಲನ್ನು ರೆಫರೆನ್ಸ್ ಆಗಿ ಕೊಡಲೇಬೇಡಿ. ಹಿಂದೆ ಒಂದು ಗಟ್ಟಿ ಬಣ್ಣ ತುಂಬಿಸಿಯೇ ಕೊಡಿ. ಯಾವ ಬಣ್ಣ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಈಗ ದೊಡ್ಡ ವಿಷಯ. ಹಿನ್ನೆಲೆ ಎಷ್ಟು ಚೊಕ್ಕ ಆಗಬೇಕು ಅನ್ನುವುದು ಆ ಸಾಧನ ನಿಮ್ಮ ಫೋಟೋವನ್ನು ಎಷ್ಟು ಸಣ್ಣದಾಗಿ ನೋಡುತ್ತದೆ ಅನ್ನುವುದರ ಮೇಲೆ ನಿಂತಿದೆ. ಐಪಿ-ಅಡಾಪ್ಟರ್ ಫೋಟೋವನ್ನು ನೇರವಾಗಿ ನೋಡುವುದಿಲ್ಲ. ಮಧ್ಯೆ ಕ್ಲಿಪ್ ಎಂಬ ಮಾಡೆಲ್ ಕೂತಿದೆ. ಅದು ಎಂಥ ಫೋಟೋ ಕೊಟ್ಟರೂ ಕುಗ್ಗಿಸಿ, ನಡುವಿನಿಂದ ಚೌಕ ಕತ್ತರಿಸಿ, 224 × 224 ಪಿಕ್ಸೆಲ್ ಮಾಡಿಕೊಳ್ಳುತ್ತದೆ. ಆ ಚೌಕವನ್ನು 14 ಪಿಕ್ಸೆಲ್‌ನ ತುಂಡುಗಳಾಗಿ ಹಂಚುತ್ತದೆ. ಉದ್ದಕ್ಕೆ 16, ಅಡ್ಡಕ್ಕೆ 16, ಒಟ್ಟು 256 ತುಂಡು. ‘ಇದು ಮನುಷ್ಯರು, ಇದು ಅಂಗಡಿ’ ಎಂಬ ಭೇದ ಅಲ್ಲಿ ಇಲ್ಲ. ಎಲ್ಲ ತುಂಡುಗಳಿಂದ ಬಂದ ಮಾಹಿತಿ ಒಟ್ಟಿಗೇ ಬೆರೆತು ಚಿತ್ರಕ್ಕೆ ಹೋಗುತ್ತದೆ.

ನಿಮ್ಮ ಫೋಟೋಗೆ ಈ ಲೆಕ್ಕ ಹಾಕಿ ನೋಡೋಣ. ಮೂಲ ಫೋಟೋ 3000 × 4000, ನಿಲುವಾಗಿದೆ. ಆಯಿಯ ಮುಖ ಹೆಚ್ಚುಕಡಿಮೆ 600 ಪಿಕ್ಸೆಲ್ ಅಗಲ. ಕ್ಲಿಪ್ ನಡುವಿನ 3000 × 3000 ಇಟ್ಟುಕೊಂಡು ಮೇಲೆ 500, ಕೆಳಗೆ 500 ಪಿಕ್ಸೆಲ್ ಬಿಟ್ಟುಬಿಡುತ್ತದೆ. ಆಯಿಯ ನೆತ್ತಿ ಮೇಲಿನ ಆ 500ರ ಒಳಗೇ ಇದೆ! ತಲೆಯ ಮೇಲ್ಭಾಗವೇ ಇಲ್ಲದ ಚಿತ್ರ ಒಳಗೆ ಹೋಗಿದೆ. ಉಳಿದದ್ದನ್ನು 224ಕ್ಕೆ ಇಳಿಸಿದಾಗ ಮುಖದ ಅಗಲ 45 ಪಿಕ್ಸೆಲ್ ಆಗುತ್ತದೆ. ಅಂದರೆ ಅಡ್ಡಕ್ಕೆ ಮೂರೇ ತುಂಡು. ಹದಿನಾರರಲ್ಲಿ ಮೂರು ಆಯಿಗೆ, ಉಳಿದದ್ದರಲ್ಲಿ ಬಹುಪಾಲು ಬಳೆಗೆ. ತುಳಸಿಕಟ್ಟೆಗೆ ಬಳೆ ನೇತಾಡದೆ ಇನ್ನೇನಾದೀತು?

ಅದೇ ಫೋಟೋದಲ್ಲಿ ನೆತ್ತಿಯಿಂದ ಎದೆಯ ಕೆಳಗಿನವರೆಗೆ 1600 × 1600 ಚೌಕವನ್ನು ನೀವೇ ಕತ್ತರಿಸಿಕೊಂಡರೆ ಮುಖ 84 ಪಿಕ್ಸೆಲ್ ಆಗುತ್ತದೆ, ಅಂದರೆ ಆರು ತುಂಡು. ಇನ್ನೂ ಒಂದು ಬಳೆಯನ್ನೂ ಅಳಿಸಿಲ್ಲ, ಆದರೂ ಮುಖದ ಪಾಲು ಅಗಲದಲ್ಲಿ ಸುಮಾರು ಎರಡರಷ್ಟು, ಒಟ್ಟು ಜಾಗದಲ್ಲಿ ಮೂರೂವರೆಯಷ್ಟು ಜಾಸ್ತಿಯಾಯಿತು. ಹಿನ್ನೆಲೆಯ ಕೆಲಸದಲ್ಲಿ ಅರ್ಧ ಈ ಕತ್ತರಿಯದೇ. ಜನ ಇದನ್ನು ಬಿಟ್ಟು ಸೀದಾ ಕೂದಲಿನ ಅಂಚಿಗೆ ಹೋಗಿ ಕೂರುತ್ತಾರೆ.

ಕತ್ತರಿಸುವ ಮುಂಚೆ ಒಂದು ಕೆಲಸ ಇದೆ, ಬಣ್ಣ. ಇದನ್ನು ಕಡ್ಡಾಯವಾಗಿ ಮೊದಲು ಮಾಡಬೇಕು. ಬಳೆ ಅಂಗಡಿಗೆ ಕಿತ್ತಳೆ ಬಣ್ಣದ ಟಾರ್ಪಾಲು ಕಟ್ಟಿದ್ದಾರೆ. ಬಿಸಿಲು ಅದರೊಳಗಿಂದ ಸೋಸಿ ಆಯಿಯ ಕೆನ್ನೆ, ಹಣೆ, ಸೀರೆ ಎಲ್ಲದರ ಮೇಲೆ ಬಿದ್ದಿದೆ. ಹಿನ್ನೆಲೆ ತೆಗೆದರೂ ಈ ಕಿತ್ತಳೆ ಮುಖದ ಮೇಲೇ ಉಳಿಯುತ್ತದೆ. ನಿಮ್ಮ ಚಿತ್ರ ಪೂರ್ತಿ ಕಿತ್ತಳೆಯಾಗಿ ಬರುವುದಕ್ಕೆ ಇದೂ ಒಂದು ಕಾರಣ. ಸರಿಪಡಿಸಲು ಅದೇ ಬೆಳಕಿನಲ್ಲಿರುವ, ನಿಜವಾಗಿ ಬಿಳಿಯಾಗಿರುವ ಒಂದು ವಸ್ತು ಬೇಕು. ಅದು ಇರುವುದು ನೀವು ಅಳಿಸಲು ಹೊರಟ ಹಿನ್ನೆಲೆಯಲ್ಲೇ. ಆಯಿಯ ಬಲಗಡೆ ಬಳೆಯ ರೇಟು ಬರೆದು ಸಿಕ್ಕಿಸಿದ ಬಿಳಿ ರಟ್ಟು ಕಾಣುತ್ತದೆ ನೋಡಿ, ಅದು. ಗಿಂಪ್‌ನಲ್ಲಿ `Colors > Levels` ತೆರೆದು, ನಡುವಿನ ಬೂದು ಬಿಂದು ಆರಿಸುವ ಡ್ರಾಪರ್ ಹಿಡಿದು, ರಟ್ಟಿನ ಖಾಲಿ ಜಾಗದಲ್ಲಿ ಒತ್ತಿ. ತೀರಾ ಹೊಳೆದು ವಿವರವೇ ಇಲ್ಲದ ಭಾಗದಲ್ಲಿ ಒತ್ತಬೇಡಿ, ಅಲ್ಲಿ ಬಣ್ಣದ ಸುಳಿವು ಸತ್ತಿರುತ್ತದೆ.

ಒತ್ತಿದ ತಕ್ಷಣ ಮುಖ ಸ್ವಲ್ಪ ನೀಲಿಗೆ ಹೋದ ಹಾಗೆ ಕಾಣಬಹುದು. ಇಷ್ಟು ಹೊತ್ತು ಕಿತ್ತಳೆ ನೋಡಿದ ಕಣ್ಣಿನ ಆಟ ಅದು. ಒಂದು ನಿಮಿಷ ಬೇರೆ ಕಡೆ ನೋಡಿ, ಆಮೇಲೆ ತೀರ್ಮಾನಿಸಿ. ನಿಜವಾಗಿಯೂ ಜಾಸ್ತಿಯಾಗಿದ್ದರೆ, ಸರಿಪಡಿಸಿದ ಪದರವನ್ನು ಮೂಲದ ಮೇಲಿಟ್ಟು ಅಪಾರದರ್ಶಕತೆಯನ್ನು ಎಪ್ಪತ್ತು ಎಂಬತ್ತಕ್ಕೆ ಇಳಿಸಿ. ಇಲ್ಲಿ ಮಾಡುತ್ತಿರುವುದು ಬೆಳಕಿನ ಬಣ್ಣ ತೆಗೆಯುವ ಕೆಲಸ, ಆಯಿಯನ್ನು ಬೆಳ್ಳಗೆ ಮಾಡುವ ಕೆಲಸ ಅಲ್ಲ. ಮೈಬಣ್ಣ ತಿದ್ದಿದರೆ ಚಿತ್ರದಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಫೋನಿನ ಬ್ಯೂಟಿ ಫಿಲ್ಟರ್ ಅಂತೂ ಹತ್ತಿರ ತರಬೇಡಿ.

ಬಣ್ಣ ಆಯಿತು, ಚೌಕ ಕತ್ತರಿಸಿದ್ದಾಯಿತು, ಈಗ ಬಿಡಿಸುವ ಕೆಲಸ. ವೆಬ್‌ಸೈಟ್ ಬದಲು ನಿಮ್ಮ ಕಂಪ್ಯೂಟರಿನಲ್ಲೇ ಓಡುವ `rembg` ಬಳಸಿ. ಉಚಿತ, ಫೋಟೋ ಮನೆ ಬಿಟ್ಟು ಹೋಗುವುದಿಲ್ಲ. ನಿಮ್ಮ ಫೋಟೋದಲ್ಲಿ ಗುರುತು ಪರಿಚಯ ಇಲ್ಲದ ಹೆಂಗಸರೂ ಮಕ್ಕಳೂ ಇದ್ದಾರೆ, ಅವರ ಮುಖಗಳನ್ನು ಯಾವುದೋ ಸರ್ವರ್‌ಗೆ ಯಾಕೆ ಕಳಿಸಬೇಕು ಅಲ್ವಾ?

```
pip install "rembg[cpu,cli]"
rembg i -om -m birefnet-portrait ayi.png mask.png
```

`-om` ಹಾಕಿದ್ದರಿಂದ ಇದು ಕತ್ತರಿಸಿದ ಫೋಟೋ ಕೊಡುವುದಿಲ್ಲ. ಮಾಸ್ಕ್ ಮಾತ್ರ ಕೊಡುತ್ತದೆ, ಅಂದರೆ ಆಯಿ ಇರುವಲ್ಲಿ ಬಿಳಿ, ಉಳಿದೆಡೆ ಕಪ್ಪು ಇರುವ ಒಂದು ಚಿತ್ರ. ಬೇಕೆಂದೇ ಹೀಗೆ ಮಾಡುವುದು. ಕತ್ತರಿಸಿದ ಫೋಟೋದಲ್ಲಿ ಹೋದ ಹೂವು ಹೋಯಿತು. ಮಾಸ್ಕ್ ಆದರೆ ತಿದ್ದಬಹುದು, ಕೆಳಗೆ ಮೂಲ ಫೋಟೋ ಪೂರ್ತಿ ಇರುತ್ತದೆ. ಗಿಂಪ್‌ನಲ್ಲಿ ಫೋಟೋ ಪದರಕ್ಕೆ `Layer > Mask > Add Layer Mask` ಮಾಡಿ, ಈ ಕಪ್ಪು-ಬಿಳುಪು ಚಿತ್ರವನ್ನು ಕಾಪಿ ಮಾಡಿ ಆ ಮಾಸ್ಕ್‌ನೊಳಗೆ ಪೇಸ್ಟ್ ಮಾಡಿ ಆ್ಯಂಕರ್ ಮಾಡಿ. ಇನ್ನು ಮೇಲೆ ಬಿಳಿ ಬ್ರಷ್ ಹಚ್ಚಿದರೆ ಅಡಗಿದ್ದು ಕಾಣುತ್ತದೆ, ಕಪ್ಪು ಹಚ್ಚಿದರೆ ಕಾಣುತ್ತಿದ್ದದ್ದು ಅಡಗುತ್ತದೆ.

ನಿಮ್ಮ ಫೋಟೋಗೆ ನಾನು ಇದನ್ನೇ ಓಡಿಸಿ ನೋಡಿದೆ. ಮಾಸ್ಕ್ ಮೂರು ಕಡೆ ತಪ್ಪಿದೆ.

ಒಂದು, ಅಬ್ಬಲಿಗೆ ದಂಡೆ. ಹೂವೂ ಕಿತ್ತಳೆ, ಹಿಂದಿನ ಟಾರ್ಪಾಲೂ ಕಿತ್ತಳೆ. ಎಲ್ಲಿ ಹೂವು ಮುಗಿದು ಎಲ್ಲಿ ಟಾರ್ಪಾಲು ಶುರು ಎಂದು ಮಾಡೆಲ್‌ಗೆ ಗೊತ್ತಾಗಿಲ್ಲ. ಕಿವಿಯ ಹಿಂದಿನಿಂದ ಜಡೆಯವರೆಗೆ ಯಾರೋ ಕಚ್ಚಿದ ಹಾಗೆ ಒಂದು ತುಂಡು ಹೋಗಿದೆ. ಬಣ್ಣ ತಿದ್ದಿದ ಮೇಲೆ ಇದು ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಅಲ್ಲ. ಹಾಗಾಗಿ ಕೈಯಿಂದಲೇ ತಿದ್ದಬೇಕು. ಚಿತ್ರವನ್ನು ಇನ್ನೂರು ಪರ್ಸೆಂಟ್‌ಗೆ ದೊಡ್ಡದು ಮಾಡಿ, ಅಂಚು ಮೆತ್ತಗಿರುವ ಬಿಳಿ ಬ್ರಷ್ ಹಿಡಿದು ದಂಡೆಯ ಹೊರಗೆರೆಯ ಉದ್ದಕ್ಕೂ ಎಳೆಯಿರಿ. ಒಂದೊಂದು ಎಸಳನ್ನೂ ಬಿಡಿಸಲು ಹೋಗಬೇಡಿ. 224ಕ್ಕೆ ಇಳಿದ ಮೇಲೆ ಎಸಳು ಯಾರಿಗೂ ಕಾಣುವುದಿಲ್ಲ. ದಂಡೆ ತಲೆಯ ಹಿಂದೆ ಅರ್ಧಚಂದ್ರದ ಹಾಗೆ ಪೂರ್ತಿ ಇದೆಯೇ ಅನ್ನುವುದಷ್ಟೇ ಮುಖ್ಯ. ಕಚ್ಚಿದ ಜಾಗ ಹಾಗೇ ಉಳಿದರೆ ಚಿತ್ರದಲ್ಲಿ ಹೂವಿನ ಬದಲು ಕೆಂಪು ರಿಬ್ಬನ್ನೋ ಕ್ಲಿಪ್ಪೋ ಬರುತ್ತದೆ. ನಮ್ಮ ಕರಾವಳಿಯ ಹೆಂಗಸರಿಗೆ ಅಬ್ಬಲಿಗೆ ಇಲ್ಲದೆ ರಿಬ್ಬನ್ ಕಟ್ಟಿದರೆ ಮನೆಯವರೇ ಒಪ್ಪುವುದಿಲ್ಲ ಬಿಡಿ.

ಎರಡು, ಎಡಭುಜದ ಹಿಂದಿನ ಹೆಂಗಸು. ಇದು ಮನುಷ್ಯರನ್ನು ಹುಡುಕಿ ಬಿಡಿಸಲೆಂದೇ ಮಾಡಿದ ಮಾಡೆಲ್. ಹಿಂದೆ ಇಣುಕುತ್ತಿರುವ ಅರ್ಧ ಮುಖವನ್ನೂ ಅದು ‘ಇದೂ ಮನುಷ್ಯರೇ’ ಎಂದು ಇಟ್ಟುಕೊಂಡಿದೆ. ನಿಮ್ಮ ಚಿತ್ರದ ಹಿಂದೆ ಬರುತ್ತಿದ್ದ ‘ಯಾರದೋ ಮುಖ’ ಇವರದೇ. ಕಪ್ಪು ಬ್ರಷ್‌ನಿಂದ ಅಳಿಸಿಬಿಡಿ. ಸೀರೆಯ ಅಂಚು ಸಿಗುವ ಕಡೆ ಮಾತ್ರ ಬ್ರಷ್ ಸಣ್ಣದು ಮಾಡಿ.

ಮೂರು, ಕೈ. ಪಕ್ಕದಲ್ಲಿ ನಿಂತವರು, ನಿಮ್ಮ ಚಿಕ್ಕಿ ಇರಬೇಕು, ಆಯಿಯ ಭುಜದ ಮೇಲೆ ಕೈ ಹಾಕಿದ್ದಾರೆ. ಚೌಕ ಕತ್ತರಿಸಿದಾಗ ಚಿಕ್ಕಿ ಹೊರಗೆ ಹೋದರು, ಕೈ ಒಳಗೇ ಉಳಿಯಿತು. ಇದನ್ನು ಮಾಸ್ಕ್‌ನಿಂದ ಅಳಿಸುವ ಹಾಗಿಲ್ಲ, ಅಳಿಸಿದರೆ ಆಯಿಯ ಭುಜಕ್ಕೇ ತೂತು ಬೀಳುತ್ತದೆ. ಬಿಟ್ಟರೆ ಚಿತ್ರದಲ್ಲಿ ಆಯಿಗೆ ಮೂರನೇ ಕೈ ಬರುವ ಸಾಧ್ಯತೆ ಇದೆ. ಇಲ್ಲಿ ಸೀರೆಯನ್ನು ತುಂಬಿಸಬೇಕು. ಗಿಂಪ್‌ನ `Clone` ಸಾಧನದಿಂದ ಅದೇ ಸೆರಗಿನ ಸ್ವಲ್ಪ ಕೆಳಗಿನ ಭಾಗವನ್ನು ತಂದು ಬೆರಳುಗಳ ಮೇಲೆ ಹಚ್ಚಿ. `Heal` ಬಳಸಬೇಡಿ. ಅದು ಸುತ್ತಲಿನ ಬಣ್ಣ ಎಳೆದುಕೊಂಡು ಬೆರೆಸುತ್ತದೆ, ಬೆರಳಿನ ಚರ್ಮದ ಬಣ್ಣ ಸೀರೆಗೆ ಹರಡಿ ಕಲೆಯಾಗುತ್ತದೆ. ಸೆರಗಿನ ಮಡಿಕೆ ಯಾವ ದಿಕ್ಕಿಗೆ ಇಳಿದಿದೆ ನೋಡಿಕೊಂಡು ಅದೇ ದಿಕ್ಕಿಗೆ ಹಚ್ಚಿ. ಬುಟ್ಟಾ ಲೆಕ್ಕ ತಪ್ಪಿದರೆ ಚಿಂತೆ ಇಲ್ಲ. ಅಂಚಿನ ಪಟ್ಟಿ ಮಾತ್ರ ತುಂಡಾಗದೆ ಭುಜದ ಮೇಲೆ ಒಂದೇ ಗೆರೆಯಾಗಿ ಹೋಗಬೇಕು.

ಇದೇ ಜಾಗದಲ್ಲಿ ಹಲವರು ಒಂದು ಅಡ್ಡದಾರಿ ಹಿಡಿಯುತ್ತಾರೆ. ‘ಹಿನ್ನೆಲೆ ತೆಗೆ, ಕೈ ತೆಗೆ’ ಎಂದು ಚಿತ್ರ ತಿದ್ದುವ ಎಐಗೇ ಹೇಳುತ್ತಾರೆ. ಕೆಲಸ ಆಗುತ್ತದೆ, ನೋಡಲೂ ಚೊಕ್ಕವಾಗಿರುತ್ತದೆ. ಆದರೆ ಅಂಥ ಸಾಧನಗಳಲ್ಲಿ ಹೆಚ್ಚಿನವು ಹಿನ್ನೆಲೆ ಮಾತ್ರ ಮುಟ್ಟುವುದಿಲ್ಲ, ಇಡೀ ಫೋಟೋವನ್ನು ಹೊಸದಾಗಿ ಬರೆದುಕೊಡುತ್ತವೆ. ಹಲ್ಲಿನ ಸಾಲು, ಕಣ್ಣಂಚಿನ ಸುಕ್ಕು, ಮೂಗುತಿಯ ಆಕಾರ ಒಂದೊಂದು ಚೂರು ಬದಲಾಗಿರುತ್ತದೆ. ಅದನ್ನೇ ರೆಫರೆನ್ಸ್ ಮಾಡಿದರೆ ನಕಲಿನ ಮೇಲೆ ನಕಲು ಆಯಿತು. ಪರೀಕ್ಷೆ ಸುಲಭ. ಹೊಸ ಫೋಟೋವನ್ನು ಮೂಲದ ಮೇಲೆ ಪದರವಾಗಿ ಇಟ್ಟು ಪದರದ ಮೋಡ್ `Difference` ಮಾಡಿ. ಮುಖದ ಜಾಗ ಪೂರ್ತಿ ಕಪ್ಪಾಗಿದ್ದರೆ ಮುಖ ಬದಲಾಗಿಲ್ಲ. ಕಣ್ಣು ಬಾಯಿಯ ಗೆರೆಗಳು ಬೆಳ್ಳಗೆ ಮೂಡಿದರೆ ಬದಲಾಗಿದೆ.

ಇನ್ನು ಕೂದಲಂಚು. ಆಯಿಯ ನೆರೆತ ಕೂದಲು ಕಿವಿ ಹತ್ತಿರ ಹಾರಾಡುತ್ತಿದೆ, ಅಂಚಿನಲ್ಲಿ ಕಿತ್ತಳೆ ಕಾಂತಿ ಅಂಟಿಕೊಂಡಿದೆ. ಒಂದು ಎಳೆ ಕೂದಲು ಒಂದು ಪಿಕ್ಸೆಲ್‌ಗಿಂತ ತೆಳು ಇದ್ದಾಗ ಆ ಪಿಕ್ಸೆಲ್‌ನಲ್ಲಿ ಕೂದಲೂ ಹಿನ್ನೆಲೆಯೂ ಬೆರೆತು ದಾಖಲಾಗಿರುತ್ತವೆ. ಮಾಸ್ಕ್ ಅದನ್ನು ಅರೆಪಾರದರ್ಶಕ ಮಾಡಬಹುದು, ಬೆರೆತ ಬಣ್ಣವನ್ನು ಬೇರೆ ಮಾಡಲಾರದು. ಹಾಗಾಗಿ ಎಷ್ಟು ನಾಜೂಕಾಗಿ ಕತ್ತರಿಸಿದರೂ ಟಾರ್ಪಾಲು ಅಂಚಿನಲ್ಲಿ ಉಳಿಯುತ್ತದೆ.

ಇದರ ಹಿಂದೆ ಎಷ್ಟು ಹೊತ್ತು ಕೂರಬೇಕು? ನಿಮ್ಮ ಕೆಲಸಕ್ಕೆ ಐದು ನಿಮಿಷ ಸಾಕು. 1600ರ ಚೌಕದಲ್ಲಿ ನಾಲ್ಕು ಪಿಕ್ಸೆಲ್ ದಪ್ಪದ ಕಿತ್ತಳೆ ಅಂಚು 224ಕ್ಕೆ ಇಳಿದಾಗ ಅರ್ಧ ಪಿಕ್ಸೆಲ್ ಮಾತ್ರ. ಐಪಿ-ಅಡಾಪ್ಟರ್‌ಗೆ ಅದು ಕಾಣುವುದೇ ಇಲ್ಲ ಅನ್ನಬಹುದು. ಮಾಸ್ಕ್ ಮೇಲೆ `Filters > Generic > Erode` ಎರಡು ಸಲ ಓಡಿಸಿ ಅಂಚನ್ನು ಒಳಕ್ಕೆ ತನ್ನಿ. ಹಾರಾಡುವ ನಾಲ್ಕು ಕೂದಲು ಹೋದರೆ ಹೋಗಲಿ. ಆದರೆ ನಾಳೆ ಫ್ಲಕ್ಸ್ ಕಾಂಟೆಕ್ಸ್ಟ್ ತರಹದ ಮಾಡೆಲ್‌ಗೆ ಹೋದರೆ ಲೆಕ್ಕ ಬೇರೆ. ಅದು ಫೋಟೋವನ್ನು ಸುಮಾರು ಹತ್ತು ಲಕ್ಷ ಪಿಕ್ಸೆಲ್‌ನಲ್ಲಿ ನೋಡುತ್ತದೆ. ಕಿತ್ತಳೆ ಅಂಚು ಅಲ್ಲಿ ಚೆನ್ನಾಗಿ ಕಾಣುತ್ತದೆ, ಚಿತ್ರದಲ್ಲಿ ಆಯಿಯ ತಲೆ ಸುತ್ತ ದೀಪ ಹಚ್ಚಿದ ಹಾಗೆ ಬರುತ್ತದೆ. ಆಗ ಫೋಟೋ ಪದರದಲ್ಲಿ ಕೂದಲಿನದೇ ಕಡು ಬಣ್ಣ ಆರಿಸಿ, ಬ್ರಷ್‌ನ ಮೋಡ್ `Darken only` ಮಾಡಿ, ಅಪಾರದರ್ಶಕತೆ ಮೂವತ್ತರ ಆಸುಪಾಸು ಇಟ್ಟು ಅಂಚಿನ ಮೇಲೆ ಸವರಬೇಕು. ಬೆಳಗಿದ ಕಿತ್ತಳೆ ಕುಗ್ಗುತ್ತದೆ, ಈಗಾಗಲೇ ಕಪ್ಪಿರುವ ಕೂದಲಿಗೆ ಏನೂ ಆಗುವುದಿಲ್ಲ.

ಈಗ ಹಿಂದೆ ತುಂಬಿಸುವ ಬಣ್ಣ. ನಾನು ಹಾಕುವುದು ನಡುಮಟ್ಟದ ಬೂದು, `#808080`. ಬಿಳಿ ಹಾಕಿದರೆ ಮಾಡೆಲ್ ಅದನ್ನು ಸ್ಟುಡಿಯೋ ಫೋಟೋ ಅಥವಾ ಸ್ಟಿಕ್ಕರ್ ಎಂದು ಓದುವುದು ಜಾಸ್ತಿ. ಚಿತ್ರದಲ್ಲಿ ಆಯಿಯ ಸುತ್ತ ಕತ್ತರಿಸಿ ಅಂಟಿಸಿದಂಥ ಬಿಳಿ ಗೆರೆ ಬರುತ್ತದೆ. ಅದೂ ಜಲವರ್ಣದಲ್ಲಿ ಬಿಳಿ ಅಂದರೆ ಖಾಲಿ ಕಾಗದ, ತುಳಸಿಕಟ್ಟೆ ಅರ್ಧಕ್ಕೇ ಕರಗಿ ಹೋಗುತ್ತದೆ. ಕಪ್ಪು ಹಾಕಿದರೆ ಜಡೆ ಹಿನ್ನೆಲೆಯೊಳಗೆ ಮುಳುಗುತ್ತದೆ. ಹಿನ್ನೆಲೆ ಅಳಿಸದೆ ಮಸುಕು ಮಾಡುವುದೂ ಪ್ರಯೋಜನವಿಲ್ಲ. ಮಸುಕಾದರೂ ಬಣ್ಣ ಅದೇ, ಮಿನುಗುವ ದೀಪಗಳು ದುಂಡಗೆ ಅರಳಿ ಇನ್ನೂ ಜಾತ್ರೆಯೇ ಆಗುತ್ತದೆ. ಬೂದು ಬಣ್ಣ ಯಾವ ಸ್ಥಳವನ್ನೂ ಹೇಳುವುದಿಲ್ಲ, ಯಾವ ಬಣ್ಣದ ಕಡೆಗೂ ಎಳೆಯುವುದಿಲ್ಲ. ಆಯಿಯ ಪದರದ ಕೆಳಗೆ ಬೂದು ಪದರ ಹಾಕಿ, `Image > Flatten Image` ಮಾಡಿ, ಆಮೇಲೆ ಪಿಎನ್‌ಜಿ ಹೊರತೆಗೆಯಿರಿ. ಫ್ಲಾಟನ್ ಆದ ಮೇಲೆ ಆಲ್ಫಾ ಇರುವುದಿಲ್ಲ, ಅಡಿಯಲ್ಲಿ ಜಾತ್ರೆಯೂ ಇರುವುದಿಲ್ಲ.

ಮುಗಿಯಿತೇ ಎಂದು ನೋಡಲು ಆ ಫೈಲಿನ ಒಂದು ಪ್ರತಿಯನ್ನು 224 × 224ಕ್ಕೆ ಇಳಿಸಿ, ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ. ಮಸುಕಾಗಿ ಕಾಣುತ್ತದೆ, ಅದು ಸಹಜ. ಅಲ್ಲಿ ನಿಮಗೆ ಏನು ಗುರುತು ಸಿಗುತ್ತದೋ ಅದೇ ಮಾಡೆಲ್‌ಗೆ ಸಿಗುವುದು. ನಗು, ಕುಂಕುಮ, ಹೂವಿನ ದಂಡೆ, ಸೀರೆಯ ಅಂಚು ಇಷ್ಟು ಕಂಡರೆ ರೆಫರೆನ್ಸ್ ತಯಾರು. ಮೂಲೆಯಲ್ಲಿ ಕಿತ್ತಳೆ ಚುಕ್ಕಿ, ಹೆಗಲ ಮೇಲೆ ಚರ್ಮದ ಬಣ್ಣದ ಮಚ್ಚೆ ಕಂಡರೆ ಅಲ್ಲಿಗೆ ವಾಪಸ್ ಹೋಗಿ. ಆ ಗಾತ್ರದಲ್ಲಿ ಕಾಣದ ತಪ್ಪನ್ನು ತಿದ್ದುತ್ತ ಕೂರಬೇಡಿ.

ಚಿತ್ರ ಮಾಡುವಾಗ ಎರಡು ಮಾತು ನೆನಪಿಡಿ. ಹಿನ್ನೆಲೆ ಬೂದಾಗಿರುವುದರಿಂದ ಸ್ಥಳವನ್ನು ನೀವೇ ಬರೆದು ಹೇಳಬೇಕು. ಸುಮ್ನೆ `watercolor portrait of a woman` ಎಂದರೆ ಬೂದು ಗೋಡೆಯೇ ಬರುತ್ತದೆ. `sitting beside a tulsi platform, red laterite courtyard, areca palms, morning light` ಎಂಬಷ್ಟು ವಿವರ ಕೊಡಿ. ಐಪಿ-ಅಡಾಪ್ಟರ್‌ನ ತೂಕ 0.6, 0.7ರಿಂದ ಶುರು ಮಾಡಿ. 1ರ ಹತ್ತಿರ ಹೋದಷ್ಟೂ ಫೋಟೋದ ಭಂಗಿಯೂ ಬೂದು ಬಣ್ಣವೂ ಗಟ್ಟಿಯಾಗಿ ಬರುತ್ತವೆ, ತುಳಸಿಕಟ್ಟೆ ಹಿಂದಕ್ಕೆ ಸರಿಯುತ್ತದೆ. ಇನ್ನೊಂದು, ಐಪಿ-ಅಡಾಪ್ಟರ್ ನೋಡ್‌ನಲ್ಲಿ `attn_mask` ಎಂಬ ತೂತು ಇದೆ. ಆಯಿಯ ಮಾಸ್ಕ್ ಅಲ್ಲಿಗೆ ಜೋಡಿಸಿದರೆ ಹಿನ್ನೆಲೆ ಹೋಗುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಹೊಸ ಚಿತ್ರದ ಯಾವ ಭಾಗದಲ್ಲಿ ರೆಫರೆನ್ಸ್‌ನ ಪ್ರಭಾವ ಇರಬೇಕು ಅನ್ನುವುದನ್ನು ಅದು ಹೇಳುತ್ತದೆ. ರೆಫರೆನ್ಸ್ ಫೋಟೋದಲ್ಲಿ ಏನಿದೆಯೋ ಅದು ಹಾಗೇ ಒಳಗೆ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಮುಖ ‘ಆಯಿಯ ಹಾಗೆ ಇದೆ, ಆದರೆ ಆಯಿ ಅಲ್ಲ’ ಅನ್ನಿಸಬಹುದು. ಅದು ಹಿನ್ನೆಲೆಯ ತಪ್ಪಲ್ಲ. 84 ಪಿಕ್ಸೆಲ್ ಮುಖದಿಂದ ಹೋಲಿಕೆ ಬರುವುದು ಅಷ್ಟರಮಟ್ಟಿಗೇ. ಆಗ ಐಪಿ-ಅಡಾಪ್ಟರ್‌ನ ಫೇಸ್‌ಐಡಿ ಬಗೆಯನ್ನು ಜೊತೆಗೆ ಸೇರಿಸಿ. ಅದು ಮುಖವನ್ನು ತಾನೇ ಹುಡುಕಿ, ಅಷ್ಟನ್ನೇ ಕತ್ತರಿಸಿ, ಆ ಮುಖದ ಗುರುತು ತೆಗೆದುಕೊಳ್ಳುತ್ತದೆ. ಬಳೆ, ಟಾರ್ಪಾಲು ಅದಕ್ಕೆ ಲೆಕ್ಕಕ್ಕಿಲ್ಲ. ಅಲ್ಲಿ ಅಪಾಯ ಒಂದೇ, ಫೋಟೋದಲ್ಲಿ ಎರಡನೆಯ ಮುಖ ಇದ್ದರೆ ಅದನ್ನು ಹಿಡಿದುಬಿಡಬಹುದು. ಹಿಂದಿನ ಹೆಂಗಸನ್ನು ಅಳಿಸಿದ ಈ ಬೂದು ಫೈಲನ್ನೇ ಅದಕ್ಕೂ ಕೊಡಿ. ಫೋಟೋ ವಾಟ್ಸ್‌ಆ್ಯಪ್‌ನಿಂದ ಬಂದದ್ದಾಗಿದ್ದರೆ, ತೆಗೆದವರ ಫೋನಿನಿಂದ ಮೂಲವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೋ ಆಗಿ ಕಳಿಸಿದ್ದು ಕುಗ್ಗಿರುತ್ತದೆ, ಕಣ್ಣಿನ ಸುತ್ತ ಚೌಕ ಚೌಕ ಒಡೆದಿರುತ್ತದೆ. ಅದನ್ನು ಯಾವ ಮಾಸ್ಕೂ ಸರಿ ಮಾಡುವುದಿಲ್ಲ.

ಮುಂದೆ ಆಯಿಯ ಇಪ್ಪತ್ತು ಮೂವತ್ತು ಫೋಟೋ ಸೇರಿಸಿ, ಮಾಡೆಲ್‌ಗೆ ಆಯಿಯ ರೂಪ ಕಲಿಸುವ ಲೋರಾ ಎಂಬ ಸಣ್ಣ ಸೇರ್ಪಡೆಯ ತರಬೇತಿ ಮಾಡುವ ಯೋಚನೆ ಇದ್ದರೆ ಮಾತ್ರ ಈ ಬೂದಿನ ಉಪಾಯವನ್ನು ಅಲ್ಲಿಗೆ ಒಯ್ಯಬೇಡಿ. ಎಲ್ಲ ಫೋಟೋದಲ್ಲೂ ಅದೇ ಬೂದು ಇದ್ದರೆ ಮಾಡೆಲ್ ಬೂದನ್ನೂ ಆಯಿಯ ಅಂಗವೆಂದೇ ಕಲಿತುಬಿಡುತ್ತದೆ, ಆಮೇಲೆ ಎಲ್ಲಿ ಕೂರಿಸಿದರೂ ಹಿಂದೆ ಬೂದು ಬರುತ್ತದೆ. ತರಬೇತಿಗೆ ಅಡುಗೆಮನೆ, ಅಂಗಳ, ಕಡಲತೀರ, ಈ ಜಾತ್ರೆ ಎಲ್ಲ ಬೇರೆ ಬೇರೆ ಹಿನ್ನೆಲೆ ಇರಲಿ. ಪ್ರತಿ ಫೋಟೋದ ವಿವರಣೆಯಲ್ಲಿ ಆ ಹಿನ್ನೆಲೆ ಏನು ಎಂದು ಬರೆಯಿರಿ. ಅಲ್ಲಿ ಅಳಿಸಬೇಕಾದ್ದು ಪಕ್ಕದವರ ಮುಖ ಮತ್ತು ಭುಜದ ಮೇಲಿನ ಕೈ, ಅಷ್ಟೇ.